ಸಿಗ್ನಲ್ ಫುಲ್ ಇದೆ, ಫೋಟೋ ಮಾತ್ರ ಹೋಗುತ್ತಿಲ್ಲ: ವೈಫೈ ಗದ್ದಲವನ್ನು ಪತ್ತೆ ಹಚ್ಚುವ ಬಗೆ

ಕೊಡಗಿನಲ್ಲಿ ನೆಟ್ ಕೈಕೊಟ್ಟರೆ ನಾವು ಮೊದಲು ಬೈಯುವುದು ಮಳೆಯನ್ನು. ಎಲ್ಲೋ ಸಿಲ್ವರ್ ಮರ ಬಿದ್ದಿರಬೇಕು, ಕೇಬಲ್ ತುಂಡಾಗಿರಬೇಕು ಅಂದುಕೊಳ್ಳುತ್ತೇವೆ. ಬಹಳ ಸಲ ಅದು ನಿಜವೂ ಹೌದು. ಆದರೆ ಇನ್ನೊಂದು ಬಗೆಯ ತೊಂದರೆ ಇದೆ. ಲೈನ್ ಚೆನ್ನಾಗಿದೆ, ಕರೆಂಟ್ ಇದೆ, ಫೋನಿನಲ್ಲಿ ವೈಫೈ ಕಡ್ಡಿ ಪೂರ್ತಿ ಇದೆ. ಆದರೂ ವಾಟ್ಸಾಪ್ ಫೋಟೋ ಸುತ್ತುತ್ತಲೇ ಇರುತ್ತದೆ, ವಿಡಿಯೋ ಕಾಲ್‌ನಲ್ಲಿ ಮುಖ ಹೆಪ್ಪುಗಟ್ಟುತ್ತದೆ. ಈ ಬರಹ ಆ ತೊಂದರೆಗೆ ಮಾತ್ರ. ಕಡ್ಡಿಯೇ ಕಡಿಮೆ ಆಗುತ್ತಿದ್ದರೆ ಅದು ದೂರದ್ದೋ ಗೋಡೆಯದ್ದೋ ಸಮಸ್ಯೆ, ಅದರ ದಾರಿ ಬೇರೆ.

ಮೊದಲು ಕಡ್ಡಿ ಏನನ್ನು ತೋರಿಸುತ್ತದೆ ಅಂತ ನೋಡೋಣ. ರೌಟರ್ ಸೆಕೆಂಡಿಗೆ ಸುಮಾರು ಹತ್ತು ಸಲ "ನಾನು ಇಲ್ಲಿದ್ದೇನೆ" ಅಂತ ಒಂದು ಚಿಕ್ಕ ಸಂದೇಶ ಕಳಿಸುತ್ತಿರುತ್ತದೆ. ಇದಕ್ಕೆ ಬೀಕನ್ ಅನ್ನುತ್ತಾರೆ. ಇಂಥ ಸಂದೇಶ ಎಷ್ಟು ಜೋರಾಗಿ ಕೇಳಿಸಿತು ಅನ್ನುವುದನ್ನು ಫೋನ್ ಅಳೆದು ಕಡ್ಡಿ ಹಾಕುತ್ತದೆ. ಬೀಕನ್ ಹೋಗುವುದು ತೀರಾ ನಿಧಾನದ ವೇಗದಲ್ಲಿ. 2.4 ಗಿಗಾಹರ್ಟ್ಸ್‌ನಲ್ಲಿ ಸಾಮಾನ್ಯವಾಗಿ 1 ಎಂಬಿಪಿಎಸ್. ಅಷ್ಟು ನಿಧಾನವಾಗಿ ಹೇಳಿದ ಮಾತು ಗದ್ದಲದಲ್ಲೂ ಅರ್ಥವಾಗುತ್ತದೆ. ನಿಮ್ಮ ಫೋಟೋ, ವಿಡಿಯೋ ಹಾಗಲ್ಲ. ಅವು ಹತ್ತಾರು ಪಟ್ಟು ವೇಗದಲ್ಲಿ ಹೋಗಬೇಕು, ಅದಕ್ಕೆ ಸುತ್ತಲೂ ಶಾಂತವಾಗಿರಬೇಕು. ಆ ಶಾಂತಿ ಇದೆಯೋ ಇಲ್ಲವೋ ಅನ್ನುವುದನ್ನು ಕಡ್ಡಿ ಹೇಳುವುದೇ ಇಲ್ಲ.

ಸಿಗ್ನಲ್ಲನ್ನು ಡಿಬಿಎಂ ಎಂಬ ಅಳತೆಯಲ್ಲಿ ಹೇಳುತ್ತಾರೆ. ಅಂಕಿ ಮೈನಸ್‌ನಲ್ಲಿರುತ್ತದೆ, ಸೊನ್ನೆಗೆ ಹತ್ತಿರವಾದಷ್ಟೂ ಜೋರು. -50 ತುಂಬಾ ಚೆನ್ನಾಗಿದೆ, -80 ಕಷ್ಟ. ಯಾರೂ ಮಾತಾಡದಿದ್ದಾಗಲೂ ಗಾಳಿಯಲ್ಲಿ ಸ್ವಲ್ಪ ಸದ್ದು ಇದ್ದೇ ಇರುತ್ತದೆ. ಅದು ನಾಯ್ಸ್ ಫ್ಲೋರ್. ಶಾಂತವಾದ ತೋಟದ ಮನೆಯಲ್ಲಿ ಅದು -90ರಿಂದ -95ರ ಸುಮಾರಿಗೆ ಇರುತ್ತದೆ. ಇವೆರಡರ ನಡುವಿನ ಅಂತರವೇ ಎಸ್‌ಎನ್‌ಆರ್. ಸಿಗ್ನಲ್ -56, ನಾಯ್ಸ್ -93 ಇದ್ದರೆ ಅಂತರ 37 ಡಿಬಿ. 25ಕ್ಕಿಂತ ಜಾಸ್ತಿ ಇದ್ದರೆ ಆರಾಮು. 15ಕ್ಕಿಂತ ಕೆಳಗೆ ಹೋದರೆ ತೊಂದರೆ ಕಣ್ಣಿಗೆ ಕಾಣಲು ಶುರುವಾಗುತ್ತದೆ. ಸಿಗ್ನಲ್ ಒಂದಿಷ್ಟೂ ಕಮ್ಮಿ ಆಗದೆ, ನಾಯ್ಸ್ ಮಾತ್ರ ಮೇಲೆ ಬಂದರೂ ಅಂತರ ಕುಗ್ಗುತ್ತದೆ, ಅಲ್ವಾ? ಕಡ್ಡಿ ಫುಲ್ ಇದ್ದೂ ಕೆಲಸ ಕೆಡುವುದು ಹೀಗೆ.

## ಲಕ್ಷಣ: ಎಲ್ಲವೂ ನಿಧಾನ, ತಪ್ಪು ವೈಫೈಯದ್ದೋ ಲೈನಿನದ್ದೋ ಗೊತ್ತಿಲ್ಲ

ಇದನ್ನು ಮೊದಲು ಬಿಡಿಸಿಕೊಳ್ಳಬೇಕು. ಖರ್ಚಿಲ್ಲ, ಒಂದು ಲ್ಯಾಪ್‌ಟಾಪ್ ಸಾಕು. ಚಾರ್ಜರ್ ಹಾಕಿಕೊಂಡೇ ಮಾಡಿ. ಬ್ಯಾಟರಿಯಲ್ಲಿದ್ದಾಗ ಕೆಲವು ಲ್ಯಾಪ್‌ಟಾಪ್‌ಗಳು ವೈಫೈಯನ್ನು ಆಗಾಗ ಮಲಗಿಸುತ್ತವೆ, ಅಳತೆ ಸುಮ್ನೆ ಹಾರಾಡುತ್ತದೆ. ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ಹೀಗೆ ಕೊಡಿ:

```
ipconfig
ping -n 100 192.168.1.1
```

ಮೊದಲನೆಯದರಲ್ಲಿ `Default Gateway` ಎದುರು ಇರುವ ಅಂಕಿಯೇ ನಿಮ್ಮ ರೌಟರ್‌ನ ವಿಳಾಸ. ಅದು ಬೇರೆ ಇದ್ದರೆ ಎರಡನೆಯ ಸಾಲಿನಲ್ಲಿ ಅದನ್ನೇ ಹಾಕಿ. ಈ ಪಿಂಗ್ ನಿಮ್ಮ ಮನೆ ಬಿಟ್ಟು ಹೊರಗೆ ಹೋಗುವುದಿಲ್ಲ. ಲ್ಯಾಪ್‌ಟಾಪ್‌ನಿಂದ ರೌಟರ್‌ಗೆ ಹೋಗಿ ವಾಪಸ್ ಬರುತ್ತದೆ, ಅಷ್ಟೇ.

ಉತ್ತರಗಳೆಲ್ಲ 2, 3, 5 ಮಿಲಿಸೆಕೆಂಡ್ ಅಂತ ಒಂದೇ ಸಮ ಬರುತ್ತಿದ್ದರೆ ವೈಫೈ ಬಹುತೇಕ ಚೆನ್ನಾಗಿದೆ, ತೊಂದರೆ ರೌಟರ್‌ನಿಂದ ಆಚೆ. ಫೈಬರ್ ಡಬ್ಬಿಯ ಮೇಲೆ `LOS` ದೀಪ ಕೆಂಪಾಗಿದ್ದರೆ ಇಲ್ಲಿಗೇ ನಿಲ್ಲಿಸಿ, ಕಂಪನಿಗೆ ಫೋನ್ ಮಾಡಿ. ತುಂಡಾದ ಫೈಬರ್ ತುದಿಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಬೇಡಿ. ಅದರ ಬೆಳಕು ಕಾಣಿಸುವುದಿಲ್ಲ, ಆದರೆ ಲೇಸರ್ ಅದು. ಗಾಜಿನ ಚೂರು ಚರ್ಮಕ್ಕೂ ಚುಚ್ಚುತ್ತದೆ.

ಪಿಂಗ್ 3, 4, 280, 5, 610, 3, `Request timed out` ಅಂತ ಕುಣಿಯುತ್ತಿದ್ದರೆ ತೊಂದರೆ ಮನೆಯೊಳಗಿನ ಗಾಳಿಯಲ್ಲೇ ಇದೆ. ಈ ಕುಣಿತದ ಕಾರಣವೇ ರಿಟ್ರೈ. ವೈಫೈಯಲ್ಲಿ ಒಂದು ಪ್ಯಾಕೆಟ್ ಕಳಿಸಿದರೆ ಆ ಕಡೆಯಿಂದ "ಸಿಕ್ಕಿತು" ಅನ್ನುವ ಉತ್ತರ ಬರಬೇಕು. ಬರದಿದ್ದರೆ ಅದನ್ನೇ ಮತ್ತೆ ಕಳಿಸುತ್ತದೆ. ಪ್ರತಿ ಸಲ ಸೋತಾಗಲೂ ಕಾಯುವ ಹೊತ್ತಿನ ಮಿತಿ ಸುಮಾರು ಎರಡು ಪಟ್ಟಾಗುತ್ತದೆ. ಜೊತೆಗೆ ವೇಗವನ್ನೂ ಇಳಿಸುತ್ತದೆ. 65 ಎಂಬಿಪಿಎಸ್‌ನಲ್ಲಿ ಹೋಗುತ್ತಿದ್ದ ಪ್ಯಾಕೆಟ್ 6.5ಕ್ಕೆ ಇಳಿದರೆ ಅದೇ ಡೇಟಾಕ್ಕೆ ಹತ್ತು ಪಟ್ಟು ಹೆಚ್ಚು ಹೊತ್ತು ಬೇಕು. ಅಷ್ಟು ಹೊತ್ತು ಮನೆಯ ಉಳಿದ ಫೋನ್‌ಗಳೆಲ್ಲ ಬಾಯಿ ಮುಚ್ಚಿ ಕಾಯುತ್ತಿರುತ್ತವೆ. ಹಾಗಾಗಿ ಒಂದು ಫೋನಿನ ತೊಂದರೆ ಎಲ್ಲರದ್ದೂ ಆಗುತ್ತದೆ.

ನೂರಕ್ಕೆ ಐದೋ ಹತ್ತೋ ರಿಟ್ರೈ ಯಾವ ಮನೆಯಲ್ಲೂ ಇರುತ್ತದೆ, ತಲೆಕೆಡಿಸಿಕೊಳ್ಳಬೇಡಿ. ಇಪ್ಪತ್ತು ದಾಟಿದರೆ ಹುಡುಕಲು ಶುರು ಮಾಡಿ.

## ಲಕ್ಷಣ: ಬರುವುದು ಬರುತ್ತದೆ, ಹೋಗಬೇಕಾದ್ದು ಹೋಗುವುದಿಲ್ಲ

ಯೂಟ್ಯೂಬ್ ಓಡುತ್ತದೆ, ಪುಟ ತೆರೆಯುತ್ತದೆ. ಆದರೆ ಫೋಟೋ ಹೋಗುವುದಿಲ್ಲ, ಕಾಲ್‌ನಲ್ಲಿ ನಿಮಗೆ ಅವರ ದನಿ ಸರಿಯಾಗಿ ಕೇಳುತ್ತದೆ, ಅವರಿಗೆ ನಿಮ್ಮದು ಕಡಿದು ಕಡಿದು ಕೇಳುತ್ತದೆ. ಈ ಲಕ್ಷಣ ಕಂಡರೆ ನಾನು ಮೊದಲು ನೋಡುವುದು ರೌಟರ್‌ನ ಪಕ್ಕದಲ್ಲಿ ಏನಿದೆ ಅಂತ.

ಯಾಕೆ ಅಂದರೆ ಗದ್ದಲ ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ. ಕಾಫಿ ಹಣ್ಣಿನ ಸಮಯದಲ್ಲಿ ಪಲ್ಪರ್ ಪಕ್ಕ ನಿಂತವರನ್ನು ನೆನಪಿಸಿಕೊಳ್ಳಿ. ಅವರು ಕಿರುಚಿದರೆ ಕಣದಲ್ಲಿ ಇರುವವರಿಗೆ ಕೇಳುತ್ತದೆ. ಕಣದಿಂದ ಇವರು ಕೊಡುವ ಉತ್ತರ ಮಾತ್ರ ಮೆಷಿನ್ ಪಕ್ಕ ಇರುವವರಿಗೆ ಕೇಳುವುದಿಲ್ಲ. ರೌಟರ್ ಪಕ್ಕ ಗದ್ದಲ ಇದ್ದರೂ ಹೀಗೇ ಆಗುತ್ತದೆ. ಕಡ್ಡಿಯನ್ನು ಅಳೆಯುವುದು ಫೋನ್ ಇರುವ ಶಾಂತ ಜಾಗದಲ್ಲಿ, ಕಿವಿ ಮುಚ್ಚಿರುವುದು ರೌಟರ್‌ಗೆ. ಮೇಲಾಗಿ ಫೋನಿನ ದನಿ ರೌಟರ್‌ನದ್ದಕ್ಕಿಂತ ಸಾಮಾನ್ಯವಾಗಿ ಸಣ್ಣದು.

ಸುಂಟಿಕೊಪ್ಪದ ಹತ್ತಿರದ ಒಂದು ಹೋಂಸ್ಟೇಯಲ್ಲಿ ನೋಡಿದ್ದನ್ನು ಇಲ್ಲಿ ಪೂರ್ತಿ ಬರೆಯುತ್ತೇನೆ. ಇಂಥದ್ದು ಈಗ ಬಹಳ ಮನೆಗಳಲ್ಲಿ ಇದೆ. ಹಳೆಯ ಮನೆ, ಮಣ್ಣಿನ ದಪ್ಪ ಗೋಡೆ. ರೌಟರ್ ಹಾಲ್‌ನಲ್ಲಿ ಟಿವಿ ಕೆಳಗೆ. "ಸಿಗ್ನಲ್ ಫುಲ್ ತೋರಿಸ್ತದೆ ಅಣ್ಣ, ಗೆಸ್ಟ್‌ಗಳು ಮಾತ್ರ ಫೋಟೋ ಹೋಗ್ತಾ ಇಲ್ಲ ಅಂತ ಬಂದು ನಿಲ್ತಾರೆ" ಅಂದರು ಮನೆಯ ಅಕ್ಕ. ಕಂಪನಿಯವರು ಬಂದು ಲೈನ್ ನೋಡಿ ಸರಿ ಇದೆ ಅಂದು ಹೋಗಿದ್ದರು. ಅವರು ಹೇಳಿದ್ದು ತಪ್ಪಲ್ಲ, ಲೈನ್ ಸರಿಯಾಗಿಯೇ ಇತ್ತು.

ಪಿಂಗ್ ಕುಣಿಯುತ್ತಿತ್ತು. ಪಕ್ಕದ ರೂಮಿನಲ್ಲಿ ಕೂತು, ಒಂದು ದೊಡ್ಡ ವಿಡಿಯೋ ಅಪ್‌ಲೋಡ್‌ಗೆ ಹಾಕಿ, ವಿಂಡೋಸ್‌ನಲ್ಲಿ ಇದನ್ನು ಕೊಟ್ಟೆ:

```
netsh wlan show interfaces
```

ಇಲ್ಲಿ ಮೂರು ಸಾಲು ಮುಖ್ಯ. `Signal` 88% ಅಂತ ಇತ್ತು. ವಿಂಡೋಸ್‌ನ ಈ ಪರ್ಸೆಂಟನ್ನು ಅರ್ಧ ಮಾಡಿ ನೂರು ಕಳೆದರೆ ಡಿಬಿಎಂ ಸಿಗುತ್ತದೆ: 44ರಿಂದ 100 ಕಳೆದರೆ -56. ಅಂದರೆ ಒಳ್ಳೆಯ ಸಿಗ್ನಲ್. `Receive rate` 144.4 ಇತ್ತು, ಅದೂ ಸರಿ. `Transmit rate` ಮಾತ್ರ 13 ಮತ್ತು 26ರ ನಡುವೆ ಒದ್ದಾಡುತ್ತಿತ್ತು. ಬರುವ ದಾರಿ ಅಗಲ, ಹೋಗುವ ದಾರಿ ಇಕ್ಕಟ್ಟು. ಇದನ್ನು ಏನಾದರೂ ಕಳಿಸುತ್ತಿರುವಾಗಲೇ ನೋಡಬೇಕು. ಸುಮ್ಮನೆ ಇರುವಾಗ ಆ ಅಂಕಿಗೆ ಅರ್ಥವಿಲ್ಲ.

ಲಿನಕ್ಸ್ ಇರುವ ಲ್ಯಾಪ್‌ಟಾಪ್ ಆದರೆ ರಿಟ್ರೈಯನ್ನೇ ನೇರವಾಗಿ ಎಣಿಸಬಹುದು:

```
iw dev wlan0 station dump
```

`wlan0` ಜಾಗದಲ್ಲಿ ನಿಮ್ಮ ವೈಫೈ ಕಾರ್ಡಿನ ಹೆಸರು ಹಾಕಿ. `tx packets` ಮತ್ತು `tx retries` ಎರಡನ್ನೂ ಬರೆದಿಟ್ಟುಕೊಳ್ಳಿ, ಸ್ವಲ್ಪ ಹೊತ್ತು ಅಪ್‌ಲೋಡ್ ಮಾಡಿ, ಮತ್ತೆ ನೋಡಿ. ಬೇಕಾದ್ದು ನಡುವಿನ ವ್ಯತ್ಯಾಸ ಮಾತ್ರ. ಅಲ್ಲಿ ಪ್ಯಾಕೆಟ್ 4,000 ಏರಿದ್ದಾಗ ರಿಟ್ರೈ 2,600 ಏರಿತ್ತು. ಒಟ್ಟು 6,600 ಸಲ ಕಳಿಸಿದ್ದರಲ್ಲಿ 2,600 ಬರೀ ಮರುಪ್ರಯತ್ನ, ಅಂದರೆ ನೂರಕ್ಕೆ 39. ಕೆಲವು ಕಾರ್ಡ್‌ಗಳ ಡ್ರೈವರ್ ರಿಟ್ರೈಯನ್ನು ಸರಿಯಾಗಿ ಎಣಿಸುವುದಿಲ್ಲ, ಸೊನ್ನೆಯಲ್ಲೇ ನಿಂತಿದ್ದರೆ ಅದನ್ನು ನಂಬಬೇಡಿ.

ರೌಟರ್‌ನ ಅಡ್ಮಿನ್ ಪುಟದಲ್ಲಿ ನಾಯ್ಸ್ ಅಂತ ಒಂದು ಸಾಲಿತ್ತು. ಎಲ್ಲ ರೌಟರ್‌ಗಳಲ್ಲೂ ಇರುವುದಿಲ್ಲ, ಇದ್ದರೆ ಅದೃಷ್ಟ. ಅದು -74 ಹೇಳುತ್ತಿತ್ತು. ನನ್ನ ಲ್ಯಾಪ್‌ಟಾಪ್‌ನ ಸಿಗ್ನಲ್ ರೌಟರ್‌ಗೆ -63ರಲ್ಲಿ ತಲುಪುತ್ತಿತ್ತು. ಅಂತರ ಬರೀ 11 ಡಿಬಿ. ಸುತ್ತ ಎಕರೆಗಟ್ಟಲೆ ಕಾಫಿ ತೋಟ, ಪಕ್ಕದ ಮನೆಯ ವೈಫೈ ಒಂದೂ ಕಾಣುತ್ತಿಲ್ಲ. ಇಂಥ ಕಡೆ -74ರ ಗದ್ದಲ ಹೊರಗಿನಿಂದ ಬಂದಿರಲು ಸಾಧ್ಯವೇ ಇಲ್ಲ ಅನ್ನಿಸಿತು.

ರೌಟರ್‌ನ ಹಿಂದೆ ಒಂದು ಹಾರ್ಡ್ ಡಿಸ್ಕ್ ಸಿಕ್ಕಿಸಿದ್ದರು. ಗೆಸ್ಟ್‌ಗಳಿಗೆ ಟಿವಿಯಲ್ಲಿ ಸಿನಿಮಾ ಹಾಕಲು. ಡಿಸ್ಕ್ ರೌಟರ್‌ನ ಬೆನ್ನಿಗೇ ಅಂಟಿಕೊಂಡಿತ್ತು, ಆಂಟೆನಾದಿಂದ ನಾಲ್ಕು ಬೆರಳು ದೂರ, ನೀಲಿ ಬಾಯಿಯ ಯುಎಸ್‌ಬಿ 3.0 ಪೋರ್ಟ್‌ನಲ್ಲಿ. ಯುಎಸ್‌ಬಿ 3.0 ಸೆಕೆಂಡಿಗೆ 5 ಗಿಗಾಬಿಟ್ ವೇಗದಲ್ಲಿ ಓಡುವಾಗ ಅದರ ಕೇಬಲ್ಲು, ಕನೆಕ್ಟರ್‌ಗಳಿಂದ ರೇಡಿಯೋ ಸದ್ದು ಸೋರುತ್ತದೆ. ಅದು ಸರಿಯಾಗಿ 2.4 ಗಿಗಾಹರ್ಟ್ಸ್ ಮೇಲೂ ಬೀಳುತ್ತದೆ. ಇದು ಹೊಸ ವಿಷಯವಲ್ಲ, ಇಂಟೆಲ್ ಕಂಪನಿ 2012ರಲ್ಲೇ ಇದರ ಬಗ್ಗೆ ಬರೆದಿತ್ತು. ಡಿಸ್ಕ್ ಕೆಟ್ಟಿರಬೇಕು ಅಂತೇನಿಲ್ಲ, ಚೆನ್ನಾಗಿದ್ದರೂ ಹೀಗಾಗುತ್ತದೆ.

ಡಿಸ್ಕನ್ನು ಎಳೆದೆವು. ಆಡುತ್ತಿರುವಾಗ ಸುಮ್ನೆ ಕಿತ್ತರೆ ಫೈಲ್ ಹಾಳಾಗಬಹುದು, ರೌಟರ್‌ನ ಪುಟದಲ್ಲಿ ಮೊದಲು "ಸೇಫ್ ರಿಮೂವ್" ಒತ್ತಿ. ನಾಯ್ಸ್ -92ಕ್ಕೆ ಇಳಿಯಿತು. ಅಂತರ 11ರಿಂದ 29. ಮತ್ತೆ ಎಣಿಸಿದಾಗ 4,000 ಪ್ಯಾಕೆಟ್‌ಗೆ ರಿಟ್ರೈ 240, ನೂರಕ್ಕೆ 6ರ ಒಳಗೆ. `Signal` ಮಾತ್ರ ಅದೇ 88%. ಕಡ್ಡಿ ಒಂದಿಷ್ಟೂ ಅಲ್ಲಾಡಲಿಲ್ಲ.

ಡ್ರೈವರ್ ತೋರಿಸುವ ನಾಯ್ಸ್ ಅಂಕಿ ಒಂದು ಅಂದಾಜು. ಒಂದು ರೌಟರ್‌ನ -90ನ್ನು ಇನ್ನೊಂದರ -90ಗೆ ಹೋಲಿಸಬೇಡಿ. ಅದೇ ರೌಟರ್‌ನಲ್ಲಿ ಒಂದು ವಸ್ತುವನ್ನು ತೆಗೆದಾಗ, ಹಾಕಿದಾಗ ಎಷ್ಟು ಬದಲಾಯಿತು ಅನ್ನುವುದನ್ನು ಮಾತ್ರ ನಂಬಿ. ನಾಯ್ಸ್ ಸಾಲು ಇಲ್ಲದಿದ್ದರೆ ಪಿಂಗ್ ಮತ್ತು `Transmit rate` ನೋಡಿಕೊಂಡೇ ಇದನ್ನು ಮಾಡಬಹುದು: ಎಳೆಯಿರಿ, ನೋಡಿ, ಮತ್ತೆ ಹಾಕಿ, ಮತ್ತೆ ನೋಡಿ. ಎರಡು ಮೂರು ಸಲ ಒಂದೇ ರೀತಿ ಆದರೆ ಕಳ್ಳ ಸಿಕ್ಕಿದ ಹಾಗೆ.

ಆ ಮನೆಯಲ್ಲಿ ಡಿಸ್ಕ್ ಬೇಕೇ ಬೇಕಿತ್ತು. ಯುಎಸ್‌ಬಿ 2.0 ಪೋರ್ಟ್‌ಗೆ ಬದಲಾಯಿಸಿದೆವು. ಸಿನಿಮಾ ನೋಡಲು ಆ ವೇಗ ಧಾರಾಳ ಸಾಕು, 2.0ರಲ್ಲಿ ಈ ಸೋರಿಕೆ ಇಲ್ಲ. ಇನ್ನೊಂದು ಪೋರ್ಟ್ ಇಲ್ಲದಿದ್ದರೆ, ಕೆಲವು ರೌಟರ್‌ಗಳ ಸೆಟ್ಟಿಂಗ್‌ನಲ್ಲಿ 3.0ಯನ್ನು 2.0 ಮಾಡುವ ಆಯ್ಕೆ ಇರುತ್ತದೆ. ಒಳ್ಳೆಯ ಶೀಲ್ಡ್ ಇರುವ ಒಂದು ಮೀಟರ್ ಕೇಬಲ್ ಹಾಕಿ ಡಿಸ್ಕನ್ನು ದೂರ ಇಡುವುದೂ ಸಹಾಯ ಮಾಡುತ್ತದೆ, ಆದರೆ ರೌಟರ್‌ನ ಪೋರ್ಟ್‌ನಿಂದಲೇ ಸೋರುವುದು ಅದರಿಂದ ನಿಲ್ಲುವುದಿಲ್ಲ.

ಲ್ಯಾಪ್‌ಟಾಪ್‌ಗೆ ಯುಎಸ್‌ಬಿ 3.0 ಡಿಸ್ಕ್ ಅಥವಾ ಹಬ್ ಸಿಕ್ಕಿಸಿದಾಗಲೂ ಇದೇ ಆಗಬಹುದು. ಆಗ ಗದ್ದಲ ಲ್ಯಾಪ್‌ಟಾಪ್ ಕಡೆ ಇರುವುದರಿಂದ ಕೆಡುವುದು ಡೌನ್‌ಲೋಡ್. ಒಂದು ಸುಲಭದ ಗುರುತು: ಪುಟ್ಟ ರಿಸೀವರ್ ಇರುವ ವೈರ್‌ಲೆಸ್ ಮೌಸ್ ಕೂಡ ಅದೇ ಹೊತ್ತಿಗೆ ತಡವರಿಸುತ್ತದೆ. ಅದೂ 2.4ರಲ್ಲೇ ಮಾತಾಡುವುದು.

ಒಂದು ವಿಷಯ ಒತ್ತಿ ಹೇಳಬೇಕು. ಇಂಥ ತೊಂದರೆಗೆ "ದೊಡ್ಡ ಆಂಟೆನಾ ಇರುವ, ಪವರ್ ಜಾಸ್ತಿ ಇರುವ ರೌಟರ್ ತಗೊಳ್ಳಿ" ಅನ್ನುವವರು ಇದ್ದಾರೆ. ಪವರ್ ಜಾಸ್ತಿ ಮಾಡಿದರೆ ರೌಟರ್‌ನ ದನಿ ಜೋರಾಗುತ್ತದೆ, ಫೋನಿನದ್ದಲ್ಲ. ಹೊಸ ರೌಟರ್ ತಂದು ಅದಕ್ಕೂ ಅದೇ ಡಿಸ್ಕ್ ಸಿಕ್ಕಿಸಿದರೆ ದುಡ್ಡು ಹೋಯಿತು ಅಷ್ಟೇ.

## ಲಕ್ಷಣ: ತಿಂಡಿ ಹೊತ್ತಿಗೆ, ಊಟದ ಹೊತ್ತಿಗೆ ಮಾತ್ರ ಕೆಡುತ್ತದೆ

ಅಡುಗೆ ಮನೆಯ ಮೈಕ್ರೋವೇವ್ ನೋಡಿ. ಅದು ಕೆಲಸ ಮಾಡುವುದು 2.45 ಗಿಗಾಹರ್ಟ್ಸ್‌ನಲ್ಲಿ. ಒಳ್ಳೆಯ ಒಲೆಯಿಂದಲೂ ತೀರಾ ಸ್ವಲ್ಪ ಹೊರಗೆ ಬರುತ್ತದೆ. ಮನುಷ್ಯರಿಗೆ ಅದು ಏನೂ ಅಲ್ಲ, ವೈಫೈ ಕಿವಿಗೆ ಮಾತ್ರ ದೊಡ್ಡ ಸದ್ದು. ಸಾಮಾನ್ಯ ಒಲೆಗಳು ಕರೆಂಟಿನ 50 ಹರ್ಟ್ಸ್ ತಾಳಕ್ಕೆ ಸರಿಯಾಗಿ ಸುಮಾರು 10 ಮಿಲಿಸೆಕೆಂಡ್ ಕಿರುಚಿ 10 ಮಿಲಿಸೆಕೆಂಡ್ ಸುಮ್ಮನಿರುತ್ತವೆ. ಹಾಗಾಗಿ ವೈಫೈ ಪೂರ್ತಿ ಸಾಯುವುದಿಲ್ಲ, ಅರ್ಧಂಬರ್ಧ ನಡೆಯುತ್ತದೆ, ರಿಟ್ರೈ ಏರುತ್ತದೆ.

ಪರೀಕ್ಷೆ ಸುಲಭ. ಒಂದು ಲೋಟ ನೀರಿಟ್ಟು ಒಂದು ನಿಮಿಷ ಒಲೆ ಹಾಕಿ, ಪಿಂಗ್ ನೋಡುತ್ತಿರಿ. ಖಾಲಿ ಒಲೆ ಹಾಕಬೇಡಿ, ಅದು ಹಾಳಾಗುತ್ತದೆ. ನೀರು ಬಿಸಿಯಾಗಿದ್ದರೆ ಜೋಪಾನ, ಕುದಿಯುವುದು ಕಾಣದೆಯೂ ತಟ್ಟನೆ ಉಕ್ಕಬಹುದು. ಪಿಂಗ್ ಕುಣಿದು, ಒಲೆ ನಿಂತ ಕೂಡಲೇ ಶಾಂತವಾದರೆ ಉತ್ತರ ಸಿಕ್ಕಿತು. ರೌಟರನ್ನು ಅಡುಗೆ ಮನೆ ಗೋಡೆಯಿಂದ ದೂರ ಸರಿಸಿ, ಅಥವಾ ಫೋನ್‌ಗಳನ್ನು 5 ಗಿಗಾಹರ್ಟ್ಸ್‌ಗೆ ಹಾಕಿ. ಬಾಗಿಲು ಸೊಟ್ಟಗಾಗಿದ್ದರೆ, ಗಾಜು ಬಿರುಕು ಬಿಟ್ಟಿದ್ದರೆ ಒಲೆ ಬಳಸುವುದನ್ನೇ ನಿಲ್ಲಿಸಿ. ಒಲೆಯನ್ನು ಬಿಚ್ಚುವ ಯೋಚನೆ ಬೇಡವೇ ಬೇಡ. ಪ್ಲಗ್ ತೆಗೆದ ಮೇಲೂ ಒಳಗೆ ಜೀವ ತೆಗೆಯುವಷ್ಟು ಕರೆಂಟ್ ಉಳಿದಿರುತ್ತದೆ.

5 ಗಿಗಾಹರ್ಟ್ಸ್ ಬಗ್ಗೆ ಒಂದು ಮಾತು. ನಮ್ಮ ಹಳೆಯ ಮನೆಗಳ ದಪ್ಪ ಗೋಡೆ ದಾಟುವಾಗ ಅದು ಹೆಚ್ಚು ಸೊರಗುತ್ತದೆ, ಕಡ್ಡಿ ಎರಡಕ್ಕೆ ಇಳಿಯುತ್ತದೆ. ಗಾಬರಿ ಬೇಡ. ಸಿಗ್ನಲ್ -68 ಇದ್ದು ನಾಯ್ಸ್ -92 ಇದ್ದರೆ ಅಂತರ 24. ಫುಲ್ ಕಡ್ಡಿಯ 11ಕ್ಕಿಂತ ಎರಡು ಕಡ್ಡಿಯ 24 ಎಷ್ಟೋ ಮೇಲು.

## ಲಕ್ಷಣ: ಎಕ್ಸ್‌ಟೆಂಡರ್ ಹಾಕಿದ ಮೇಲೆ ಕಡ್ಡಿ ಬಂತು, ವೇಗ ಬರಲಿಲ್ಲ

ಫೋನ್ ಈಗ ಅಳೆಯುತ್ತಿರುವುದು ಎಕ್ಸ್‌ಟೆಂಡರ್‌ನ ದನಿಯನ್ನು. ಎಕ್ಸ್‌ಟೆಂಡರ್‌ಗೆ ರೌಟರ್ ಹೇಗೆ ಕೇಳುತ್ತಿದೆ ಅನ್ನುವುದು ಫೋನಿಗೆ ಗೊತ್ತಿಲ್ಲ. ಸಿಗ್ನಲ್ ಸತ್ತ ಕಡೆ ಎಕ್ಸ್‌ಟೆಂಡರ್ ಇಟ್ಟರೆ ಅದಕ್ಕೂ ಸತ್ತ ಸಿಗ್ನಲ್ಲೇ ಸಿಗುವುದು. ಲ್ಯಾಪ್‌ಟಾಪನ್ನು ಆ ಜಾಗದಲ್ಲೇ ಇಟ್ಟು ನೇರ ರೌಟರ್‌ಗೆ ಕನೆಕ್ಟ್ ಮಾಡಿ ಪಿಂಗ್ ನೋಡಿ. ಅದು ಕುಣಿದರೆ ಎಕ್ಸ್‌ಟೆಂಡರನ್ನು ರೌಟರ್ ಕಡೆಗೆ ತನ್ನಿ. ಹೋಂಸ್ಟೇಯ ಕಾಟೇಜ್‌ಗಳು ಬೇರೆ ಬೇರೆ ಇದ್ದರೆ ಲ್ಯಾನ್ ಕೇಬಲ್ ಅಥವಾ ಫೈಬರ್ ಎಳೆದು ಅಲ್ಲಿ ಇನ್ನೊಂದು ಆಕ್ಸೆಸ್ ಪಾಯಿಂಟ್ ಇಡುವುದೇ ಸರಿ. ಕಟ್ಟಡದಿಂದ ಕಟ್ಟಡಕ್ಕೆ ಫೈಬರೇ ಒಳ್ಳೆಯದು, ಸಿಡಿಲಿನ ಹೊಡೆತ ತಾಮ್ರದ ತಂತಿ ಹಿಡಿದು ಬರುತ್ತದೆ. ಫೈಬರ್ ಕೊಳ್ಳುವಾಗ ಒಳಗೆ ಆಧಾರದ ಲೋಹದ ತಂತಿ ಇಲ್ಲದ್ದನ್ನೇ ಕೇಳಿ.

## ಲಕ್ಷಣ: ಪೇಟೆ ಮನೆ, ಸಂಜೆಯಾದರೆ ನಿಧಾನ

ಮಡಿಕೇರಿ, ಕುಶಾಲನಗರದ ಒತ್ತೊತ್ತಾದ ಮನೆಗಳಲ್ಲಿ ಇದು ಜಾಸ್ತಿ. ಅಕ್ಕಪಕ್ಕದ ವೈಫೈ ನಿಮ್ಮ ಚಾನೆಲ್‌ನಲ್ಲೇ ಇದ್ದರೆ ಅದು ಗದ್ದಲವಲ್ಲ, ಸರದಿ. ಎರಡೂ ಒಂದಕ್ಕೊಂದು ಅರ್ಥವಾಗುವುದರಿಂದ ಕಾಯುತ್ತವೆ. ನಾಯ್ಸ್ ಏರದೆಯೇ ನಿಧಾನವಾಗುತ್ತದೆ. ಅವರು ಒಂದರ ಮೇಲೊಂದು ಬೀಳದ 1, 6, 11ನೇ ಚಾನೆಲ್ ಬಿಟ್ಟು 3ರಲ್ಲೋ 8ರಲ್ಲೋ ಇದ್ದರೆ ಮಾತು ಅರ್ಥವಾಗದೆ ಬರೀ ಸದ್ದಾಗಿ ಬೀಳುತ್ತದೆ, ಆಗ ರಿಟ್ರೈ ಏರುತ್ತದೆ. ಹಾಗಾಗಿ ನೀವೂ 1, 6, 11ರಲ್ಲಿ ಒಂದನ್ನೇ ಆರಿಸಿ. 2.4ರಲ್ಲಿ ಚಾನೆಲ್‌ನ ಅಗಲವನ್ನು 20 ಮೆಗಾಹರ್ಟ್ಸ್‌ಗೆ ಇಡಿ. 40 ಮಾಡಿದರೆ ನಾಯ್ಸ್ 3 ಡಿಬಿ ಏರುತ್ತದೆ, ಪಕ್ಕದವರ ಜೊತೆ ಜಗಳವೂ ಹೆಚ್ಚು.

## ಎಲ್ಲಿ ನಿಲ್ಲಿಸಬೇಕು

ಗುಡುಗು ಶುರುವಾಗಿದ್ದರೆ ಈ ಯಾವ ಪರೀಕ್ಷೆಯೂ ಬೇಡ. ಹೊರಗಿನಿಂದ ಬರುವ ಲ್ಯಾನ್ ಕೇಬಲ್ ಮುಟ್ಟಬೇಡಿ, ಕೇಬಲ್ ಹಾಕಿದ ಲ್ಯಾಪ್‌ಟಾಪ್ ಹಿಡಿದು ಕೂರಬೇಡಿ. ಪ್ಲಗ್ ತೆಗೆಯುವುದಿದ್ದರೆ ಗುಡುಗು ಬರುವ ಮೊದಲೇ ತೆಗೆಯಿರಿ. ಮಳೆಗಾಲದಲ್ಲಿ ಪಾಚಿ ಹಿಡಿದ ಹೆಂಚಿನ ಮೇಲೆ ಆಂಟೆನಾ ಸರಿಸಲು ಹತ್ತಬೇಡಿ. ರೌಟರ್ ಅಡಾಪ್ಟರ್ ಬಿಸಿಯಾಗಿ ವಾಸನೆ ಬರುತ್ತಿದ್ದರೆ ಬದಲಾಯಿಸಿ, ಬಿಚ್ಚಬೇಡಿ.

ರೌಟರ್ ಸುತ್ತ ಇರುವ ಎಲ್ಲವನ್ನೂ ಒಂದೊಂದಾಗಿ ಆಫ್ ಮಾಡಿ ನೋಡಿದ ಮೇಲೂ, 5 ಗಿಗಾಹರ್ಟ್ಸ್‌ನಲ್ಲೂ, ರೌಟರ್ ಇರುವ ರೂಮಿನಲ್ಲೇ ಕೂತರೂ ಪಿಂಗ್ ಕುಣಿಯುತ್ತಿದ್ದರೆ ರೌಟರ್‌ನ ರೇಡಿಯೋ ಕೆಟ್ಟಿರಬಹುದು. ಇನ್ನೊಂದು ರೌಟರ್ ಒಂದು ದಿನಕ್ಕೆ ಕೇಳಿ ತಂದು ಅದೇ ಜಾಗದಲ್ಲಿಟ್ಟು ನೋಡಿ. ಅದರಲ್ಲೂ ಹಾಗೇ ಆದರೆ ಗಾಳಿಯಲ್ಲಿನ ರೇಡಿಯೋ ಸದ್ದನ್ನು ಅಳೆಯುವ ಸ್ಪೆಕ್ಟ್ರಂ ಅನಲೈಸರ್ ಇರುವವರನ್ನು ಕರೆಸಬೇಕು. ಅವರು ಬಂದಾಗ "ನೆಟ್ ಸ್ಲೋ" ಅಂತ ಮಾತ್ರ ಹೇಳಬೇಡಿ. ರೌಟರ್‌ಗೆ ಪಿಂಗ್ ಎಷ್ಟು, ಕಳಿಸುವಾಗ `Signal` ಮತ್ತು `Transmit rate` ಎಷ್ಟು, ದಿನದ ಯಾವ ಹೊತ್ತು, ಯಾವ ಯಾವ ವಸ್ತು ಆಫ್ ಮಾಡಿ ನೋಡಿದ್ದೀರಿ ಅನ್ನುವುದನ್ನು ಒಂದು ಚೀಟಿಯಲ್ಲಿ ಬರೆದು ಕೈಗೆ ಕೊಡಿ.